ಸಲೈನ್ ಬದಲು ಪೊಟ್ಯಾಸಿಯಂ ಆಂಪೂಲ್: ಕೇಸ್ ರಿಪೋರ್ಟ್‌ನಲ್ಲಿ ಮೂಲ ಕಾರಣ ಹೇಗೆ ಬರೆಯುವುದು?

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಕ್ಯಾನುಲಾ ಫ್ಲಶ್ ಮಾಡಲು ಸಲೈನ್ ಅಂದುಕೊಂಡು ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ತೆಗೆದೆ. ಸ್ಟಾಫ್ ನರ್ಸ್ ನೋಡಿ ತಡೆದರು. ರಿಪೋರ್ಟ್‌ನಲ್ಲಿ ಮೂಲ ಕಾರಣ 'ಲೇಬಲ್ ಓದಲಿಲ್ಲ' ಅಂತ ಬರೆದರೆ ಸಾಕಾ?

ಉತ್ತರ: ಸಾಲದು. ಅದು ನಡೆದ ಘಟನೆ, ಕಾರಣವಲ್ಲ. ವಿದ್ಯಾರ್ಥಿಗಳ ಇಂಥ ರಿಪೋರ್ಟ್‌ಗಳನ್ನು ತಿದ್ದುವಾಗ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಜಾಗದಲ್ಲಿ ಅಷ್ಟೇ ಕಲಿತ ಇನ್ನೊಬ್ಬರು ನಿಂತಿದ್ದರೆ ಅವರ ಕೈಗೂ ಅದೇ ಆಂಪೂಲ್ ಬರುತ್ತಿತ್ತಾ? ಹೌದು ಅಂತಾದರೆ ಕಾರಣ ನಿಮ್ಮಲ್ಲಿ ಮಾತ್ರ ಇಲ್ಲ.

ನಾನು ತಿದ್ದಿದ ಒಂದು ರಿಪೋರ್ಟ್ ನಿಮ್ಮದರಂತೆಯೇ ಇತ್ತು. ಲೇಬಲ್ ಯಾಕೆ ಓದಲಿಲ್ಲ? ಆ ಡ್ರಾಯರ್‌ನಲ್ಲಿ ಯಾವಾಗಲೂ ಸಲೈನ್ ಮಾತ್ರ ಇರುತ್ತಿತ್ತು. ಅವತ್ತು ಪೊಟ್ಯಾಸಿಯಂ ಯಾಕೆ ಬಂತು? ಹಿಂದಿನ ಶಿಫ್ಟ್‌ನಲ್ಲಿ ಉಳಿದದ್ದನ್ನು ಯಾರೋ ಅಲ್ಲೇ ಇಟ್ಟಿದ್ದರು. ಯಾಕೆ ಅಲ್ಲಿ? ಉಳಿದದ್ದನ್ನು ಫಾರ್ಮಸಿಗೆ ವಾಪಸ್ ಕೊಡುವ ಪದ್ಧತಿಯೇ ಇರಲಿಲ್ಲ. ಇನ್ನೂ ಹಿಂದೆ ಹೋದರೆ, ಗಾಢ ಪೊಟ್ಯಾಸಿಯಂ ಸಾಮಾನ್ಯ ವಾರ್ಡ್‌ನಲ್ಲಿ ಇರಲೇಬೇಕಾ ಅಂತ ಯಾರೂ ಕೇಳಿರಲಿಲ್ಲ. ಮೂಲ ಕಾರಣ ಸಿಕ್ಕಿದ್ದು ಇಲ್ಲಿ. ಎರಡೂ 10 ಮಿಲಿ ಪ್ಲಾಸ್ಟಿಕ್ ಆಂಪೂಲ್, ನೋಡಲು ಒಂದೇ ಥರ. ಅದು ಜೊತೆಗೆ ಸೇರಿದ ಕಾರಣ.

ಪ್ರತಿ 'ಯಾಕೆ'ಗೂ ಸಾಕ್ಷಿ ಬೇಕು. ಡ್ರಾಯರ್ ನೋಡಿ, ಸ್ಟಾಕ್ ರಿಜಿಸ್ಟರ್ ನೋಡಿ, ಶಿಫ್ಟ್‌ನಲ್ಲಿದ್ದವರನ್ನು ಕೇಳಿ. ಸುಮ್ನೆ ಕೂತು ಊಹಿಸಿ ಬರೆದರೆ ಈ ಯಾಕೆಗಳೆಲ್ಲ ಕಥೆಯಾಗುತ್ತವೆ.

ರೋಗಿಗೆ ಏನೂ ಆಗಲಿಲ್ಲ ಅಂತ ಅಪಾಯವನ್ನು ಕಡಿಮೆ ಮಾಡಿ ಬರೆಯಬೇಡಿ. 15% ಪೊಟ್ಯಾಸಿಯಂ ಕ್ಲೋರೈಡ್‌ನ 10 ಮಿಲಿಯಲ್ಲಿ ಸುಮಾರು 20 ಮಿಲಿಮೋಲ್ ಇರುತ್ತದೆ. ಸಾಮಾನ್ಯ ವಾರ್ಡ್‌ನಲ್ಲಿ ಅದನ್ನು ಚೆನ್ನಾಗಿ ತೆಳು ಮಾಡಿ, ಗಂಟೆಗೆ ಸುಮಾರು 10 ಮಿಲಿಮೋಲ್ ದರದಲ್ಲಿ ಹನಿಸುತ್ತಾರೆ. ಫ್ಲಶ್ ಮಾಡಿದ್ದರೆ ಎರಡು ಗಂಟೆಯಲ್ಲಿ ಹೋಗಬೇಕಾದದ್ದು ಕೆಲವೇ ಸೆಕೆಂಡಿನಲ್ಲಿ ಹೋಗಿ ಹೃದಯ ನಿಲ್ಲಬಹುದಿತ್ತು. ಈ ಲೆಕ್ಕವನ್ನು ರಿಪೋರ್ಟ್‌ನಲ್ಲಿ ಹಾಕಿ.

ವಿದ್ಯಾರ್ಥಿಗಳು ಜಾಸ್ತಿ ಬಿಟ್ಟುಬಿಡುವ ಭಾಗ ಇನ್ನೊಂದಿದೆ: ತಪ್ಪು ಯಾಕೆ ಸಿಕ್ಕಿಬಿತ್ತು? ಸ್ಟಾಫ್ ನರ್ಸ್ ನೋಡಿದ್ದು ಇಬ್ಬರು ಚೆಕ್ ಮಾಡಬೇಕೆಂಬ ನಿಯಮದಿಂದಲಾ, ಅಥವಾ ಆ ಹೊತ್ತಿಗೆ ಪಕ್ಕದಲ್ಲಿದ್ದರು ಅಷ್ಟೇನಾ? ನನ್ನ ಆ ವಿದ್ಯಾರ್ಥಿನಿಯ ಕೇಸಿನಲ್ಲಿ ನರ್ಸ್ ಬಂದದ್ದು ಟೇಪ್ ಹುಡುಕಿಕೊಂಡು. ಅಂದರೆ ಅಲ್ಲಿ ತಡೆಯೇ ಇರಲಿಲ್ಲ, ಅದೃಷ್ಟ ಇತ್ತು. 'ಚೆಕ್ ವ್ಯವಸ್ಥೆ ಕೆಲಸ ಮಾಡಿತು' ಅಂತ ಆಕೆ ಬರೆದಿದ್ದ ಸಾಲನ್ನು ತೆಗೆಸಿದೆ.

ಪರಿಹಾರದಲ್ಲಿ 'ಜಾಗ್ರತೆ ವಹಿಸಬೇಕು', 'ತರಬೇತಿ ಕೊಡಬೇಕು' ಎಂಬುವು ದುರ್ಬಲ, ಯಾಕೆಂದರೆ ಅವು ಮತ್ತೆ ಮನುಷ್ಯರ ನೆನಪನ್ನೇ ನಂಬುತ್ತವೆ. ಗಾಢ ಆಂಪೂಲನ್ನು ವಾರ್ಡ್‌ನಿಂದ ತೆಗೆದು, ಮೊದಲೇ ಬೆರೆಸಿದ ಬ್ಯಾಗ್ ತರಿಸುವುದು ಬಲವಾದದ್ದು. ಅದು ಆಗದಿದ್ದರೆ ಬೀಗ ಹಾಕಿದ ಬೇರೆ ಕಪಾಟು. ಜಾರಿಯಾಯಿತಾ ಅಂತ ಯಾರು, ಯಾವಾಗ ಡ್ರಾಯರ್ ತೆರೆದು ನೋಡುತ್ತಾರೆ ಅನ್ನುವುದನ್ನೂ ಬರೆಯಿರಿ. ರೋಗಿಯ ಹೆಸರು, ಹಾಸಿಗೆ ನಂಬರ್, ಆ ನರ್ಸ್ ಹೆಸರು ಎಲ್ಲೂ ಬೇಡ.