ಮಗು ನಿಜ, ಲೆಟರ್ ನಿಜ, ಆದ್ರೆ ಕ್ಯೂಆರ್ ಯಾರದು?

ಪ್ರಶ್ನೆ: ಚಿಕ್ಕಮ್ಮ ಒಂದು ಮಗುವಿನ ಟ್ರೀಟ್‌ಮೆಂಟಿಗೆ ದುಡ್ಡು ಬೇಕು ಅನ್ನೋ ಪೋಸ್ಟರ್ ಕಳ್ಸಿದಾರೆ, ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕು ಅಂತಿದಾರೆ. ಆಸ್ಪತ್ರೆ ಲೆಟರ್ ಎಲ್ಲಾ ಇದೆ. ನಿಜಾನಾ ಅಂತ ಹೇಗೆ ನೋಡೋದು? ಹಾಕೋದಾದ್ರೆ ಏನಂತ ಬರ್ದು ಹಾಕ್ಲಿ?

ಲೆಟರ್ ಇದೆ ಅಂದ್ರಲ್ಲ, ಅಲ್ಲಿಂದಾನೇ ಶುರು ಮಾಡ್ತೀನಿ. ಲೆಟರ್ ನೂರಕ್ಕೆ ನೂರು ಅಸಲಿ ಆಗಿದ್ದು, ದುಡ್ಡು ಮಾತ್ರ ಬೇರೆ ಯಾರದೋ ಜೇಬಿಗೆ ಹೋಗೋ ಪೋಸ್ಟರ್ ಒಂದು ನಮ್ಮ ಹೈಸ್ಕೂಲ್ ಹಳೇ ವಿದ್ಯಾರ್ಥಿಗಳ ಗ್ರೂಪಿಗೇ ಬಂದಿತ್ತು. ನಾನು ಆ ಗ್ರೂಪಿನ ಅಡ್ಮಿನ್.

ಆರು ವರ್ಷದ ಹುಡುಗ, ಬ್ಲಡ್ ಕ್ಯಾನ್ಸರ್, ಬೆಂಗಳೂರಿನ ಆಸ್ಪತ್ರೆ ಲೆಟರ್‌ಹೆಡ್‌ನಲ್ಲಿ ಎಂಟೂವರೆ ಲಕ್ಷದ ಎಸ್ಟಿಮೇಟ್, ಡಾಕ್ಟರ್ ಸಹಿ, ಸೀಲು, ಮಗು ಮಲಗಿರೋ ಫೋಟೋ. ಮೆಸೇಜಿನ ಮೇಲ್ಗಡೆ ವಾಟ್ಸಾಪ್ ಹಾಕೋ ಎರಡು ಬಾಣದ ಫಾರ್ವರ್ಡ್ ಗುರುತು ಇತ್ತು, ಅಂದ್ರೆ ಕಡಿಮೆ ಅಂದ್ರೂ ಐದು ಕೈ ದಾಟಿ ಬಂದಿದೆ, ಕಳ್ಸಿದ ನಮ್ಮ ಕ್ಲಾಸ್‌ಮೇಟಿಗೂ ಮಗು ಯಾರದು ಗೊತ್ತಿಲ್ಲ. ಲೆಟರ್‌ನ ಝೂಮ್ ಮಾಡಿದ್ರೆ ತಾರೀಕು ಮಾರ್ಚ್ 14, ನಮಗೆ ಬಂದಿದ್ದು ಆಗಸ್ಟಲ್ಲಿ. ಆಮೇಲೆ ಕ್ಯೂಆರ್ ಕಡೆ ನೋಡ್ದೆ. ಪೋಸ್ಟರ್ ಪೂರ್ತಿ ತಿಳಿ ಹಳದಿ ಬಣ್ಣ, ಕ್ಯೂಆರ್ ಸುತ್ತ ಮಾತ್ರ ಅಚ್ಚ ಬಿಳಿ ಚೌಕ, ಅದರ ಒಂದು ಅಂಚು ಕೆಳಗಿನ ಅಕ್ಷರದ ತಲೆ ಸ್ವಲ್ಪ ಕತ್ತರಿಸಿತ್ತು. ಫೋನ್ ನಂಬರಿನ ಅಂಕಿಗಳೂ ಉಳಿದ ಅಂಕಿಗಳ ತರ ಇರ್ಲಿಲ್ಲ, ಸ್ವಲ್ಪ ದಪ್ಪ. ಯಾರೋ ಮೇಲಿಂದ ತೇಪೆ ಹಾಕಿದಾರೆ ಅಂತ ಅನುಮಾನ ಬಂದಿದ್ದು ಅಲ್ಲೇ.

ಇಲ್ಲಿ ಎಲ್ರೂ ಮಾಡೋ ತಪ್ಪೇನಂದ್ರೆ ಪೋಸ್ಟರಲ್ಲಿರೋ ನಂಬರಿಗೇ ಫೋನ್ ಮಾಡಿ "ನಿಜಾನಾ" ಅಂತ ಕೇಳೋದು. ನಾನೂ ಮಾಡ್ದೆ, ಆ ಕಡೆಯವನು ಮಗುವಿನ ಮಾವ ಅಂತ ಹೇಳಿ ಅಳು ದನಿಯಲ್ಲೇ ಮಾತಾಡ್ದ. ವಾರ್ಡ್ ಯಾವುದು ಅಂದಾಗ "ಮೊದ್ಲು ಆದಷ್ಟು ಹಾಕಿ ಮೇಡಂ, ಆಮೇಲೆ ಎಲ್ಲಾ ಕಳಿಸ್ತೀನಿ" ಅಂದ. ಅದಕ್ಕೆ ಆಸ್ಪತ್ರೆಯ ಸ್ವಂತ ವೆಬ್‌ಸೈಟಿಂದ ಬೋರ್ಡ್ ನಂಬರ್ ತಗೊಂಡು, ಮೆಡಿಕಲ್ ಸೋಶಿಯಲ್ ವರ್ಕರ್‌ಗೆ ಕನೆಕ್ಟ್ ಮಾಡಿ ಅಂದೆ. ದೊಡ್ಡ ಆಸ್ಪತ್ರೆಗಳಲ್ಲಿ ಇವರಿರ್ತಾರೆ, ಇಲ್ಲದಿದ್ರೆ ಬಿಲ್ಲಿಂಗ್ ಕೇಳಿ. ರೋಗಿಗೆ ಏನಾಗಿದೆ, ಹೇಗಿದಾರೆ ಅಂತ ಕೇಳ್ಬೇಡಿ, ಅವರು ಹೇಳಲ್ಲ, ಹೇಳ್ಲೂಬಾರದು. ನಾನು ಕೇಳಿದ್ದು ಎರಡೇ: ಲೆಟರಲ್ಲಿರೋ ಈ ಯುಎಚ್‌ಐಡಿ, ಅಂದ್ರೆ ಆಸ್ಪತ್ರೆ ರಿಜಿಸ್ಟ್ರೇಷನ್ ನಂಬರಿಗೆ ದುಡ್ಡನ್ನ ನೇರ ಆಸ್ಪತ್ರೆ ಅಕೌಂಟಿಗೇ ಕಟ್ಟಬಹುದಾ, ಮತ್ತೆ ನನ್ನ ನಂಬರ್ ತಗೊಂಡು ಮನೆಯವರಿಗೆ ಕೊಟ್ಟು ಫೋನ್ ಮಾಡಕ್ಕೆ ಹೇಳ್ತೀರಾ. ಎರಡನೇದಕ್ಕೆ ಅವರು ಒಪ್ಪಿದ್ರು.

ಸಂಜೆ ಮಗುವಿನ ಅಪ್ಪ ಫೋನ್ ಮಾಡಿದ್ರು. ಅವರು ಬೇಡಿದ್ದು ಮಾರ್ಚಲ್ಲಿ, ಏಪ್ರಿಲ್‌ಗೇ ದುಡ್ಡು ಹೊಂದಿಕೆ ಆಗಿ ನಿಲ್ಸಿದ್ರಂತೆ, ಹುಡುಗನಿಗೆ ಟ್ರೀಟ್‌ಮೆಂಟ್ ಮುಂದುವರೀತಿದೆ. ಕ್ಯೂಆರ್ ಅವರದಲ್ಲ, ಮಾವ ಅಂತ ಯಾರೂ ಇಲ್ಲ. "ನನ್ನ ಮಗನ ಫೋಟೋ ಇಟ್ಕೊಂಡು ಯಾರೋ ಇನ್ನೂ ದುಡ್ಡು ಎತ್ತಾ ಇದಾರಾ" ಅಂತ ಅವರು ಕೇಳಿದ ದನಿ ಇವತ್ತಿಗೂ ಮರೆತಿಲ್ಲ ನಂಗೆ. ಅವರು cybercrime.gov.in ನಲ್ಲಿ ದೂರು ಕೊಟ್ರು. ನಮ್ಮ ಗ್ರೂಪಲ್ಲಿ ಆಗಲೇ ದುಡ್ಡು ಹಾಕಿದ್ದ ಇಬ್ಬರಿಗೆ ತಕ್ಷಣ ಸೈಬರ್ ಮೋಸದ ಹೆಲ್ಪ್‌ಲೈನ್ 1930ಕ್ಕೆ ಫೋನ್ ಮಾಡ್ಸಿದ್ವಿ.

ಹಾಗಾಗಿ ರೋಗಿ ನಿಜಾನಾ ಅನ್ನೋದು ಒಂದು ಪ್ರಶ್ನೆ, ದುಡ್ಡು ಹೋಗೋ ಅಕೌಂಟ್ ಆ ರೋಗಿಯ ಮನೆಯವರದೇನಾ ಅನ್ನೋದು ಇನ್ನೊಂದು, ಇವತ್ತಿಗೂ ಬೇಕಾ ಅನ್ನೋದು ಮೂರನೇದು. ಅಕೌಂಟ್ ನೋಡೋದು ಸುಲಭ, ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಪಿನ್ ಹಾಕೋಕೆ ಮುಂಚೆನೇ ಬ್ಯಾಂಕಲ್ಲಿರೋ ಹೆಸರು ಬರತ್ತೆ, ಅಲ್ಲಿಗೇ ನಿಲ್ಸಿ ವಾಪಸ್ ಬನ್ನಿ. ಹೆಸರು ಬೇರೆ ಇದ್ದ ತಕ್ಷಣ ಮೋಸ ಅಂತಲ್ಲ, ಎಷ್ಟೋ ಮನೇಲಿ ಭಾವಮೈದನ ಅಕೌಂಟ್ ಕೊಟ್ಟಿರ್ತಾರೆ, ಆದ್ರೆ ಅದು ಯಾರು ಅಂತ ಆಸ್ಪತ್ರೆ ಮೂಲಕ ಸಿಕ್ಕಿದ ಮನೆಯವರ ಬಾಯಿಂದಾನೇ ಬರ್ಬೇಕು. ಪೋಸ್ಟರಲ್ಲಿ ಫಂಡ್‌ರೈಸಿಂಗ್ ಸೈಟಿನ ಹೆಸರಿದ್ರೆ ಸೈಟಿಗೆ ನೀವೇ ಹೋಗಿ ಆ ಪೇಜ್ ಹುಡ್ಕಿ, ಎಷ್ಟು ಸೇರಿದೆ, ಕೊನೇ ಅಪ್‌ಡೇಟ್ ಯಾವಾಗ ಅಂತ ಅಲ್ಲೇ ಕಾಣತ್ತೆ.

ಮನೆಯವರು ಸಿಕ್ಕಾಗ ಸಂಕೋಚ ಬಿಟ್ಟು ಇನ್ನೊಂದು ಕೇಳಿ, ಒಟ್ಟು ಎಸ್ಟಿಮೇಟಲ್ಲಿ ಕಮ್ಮಿ ಬಿದ್ದಿರೋದು ಎಷ್ಟು ಅಂತ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಎಲ್ಲಾ ಆಸ್ಪತ್ರೆ, ಎಲ್ಲಾ ಚಿಕಿತ್ಸೆ ಅದರಲ್ಲಿ ಬರಲ್ಲ, ಆದ್ರೂ ಎಷ್ಟೋ ಜನ ಗಾಬರೀಲಿ ವಿಚಾರಿಸೇ ಇರಲ್ಲ, ನೀವು ನೆನಪು ಮಾಡಿದ್ರೆ ಗ್ರೂಪಿಂದ ಬರೋ ದುಡ್ಡಿಗಿಂತ ದೊಡ್ಡ ಉಪಕಾರ ಆಗ್ಬಹುದು.

ಇನ್ನು ಏನಂತ ಬರೆಯೋದು. ಬಂದ ಪೋಸ್ಟರ್‌ನ ಹಾಗೇ ತಳ್ಳಬೇಡಿ, ನಿಮ್ಮ ಮಾತಲ್ಲಿ ಹೊಸದಾಗಿ ಟೈಪ್ ಮಾಡಿ. ಮಗುವಿನ ಫೋಟೋ, ರಿಪೋರ್ಟ್, ಆಧಾರ್ ಯಾವುದೂ ಬೇಡ, ಕಳ್ಳರು ಎತ್ಕೊಳ್ಳೋದು ಅದನ್ನೇ. ಆಮೇಲೆ ಒಬ್ಬ ಗೆಳೆಯನ ತಾಯಿಗೆ ಅಂತ ನಾನು ಹಾಕಿದ್ದು ಹೀಗಿತ್ತು:

"ನಮ್ಮ ಬ್ಯಾಚಿನವರೊಬ್ಬರ ತಾಯಿಗೆ ಇದೇ 22ಕ್ಕೆ ಹೃದಯದ ವಾಲ್ವ್ ಆಪರೇಷನ್. ಎಸ್ಟಿಮೇಟ್ 3,80,000, ಮನೆಯವರು ಹೊಂದಿಸಿರೋದು 2,10,000, ಕಮ್ಮಿ ಇರೋದು 1,70,000. ಇವತ್ತು 9ನೇ ತಾರೀಕು ಬೆಳಗ್ಗೆ ಆಸ್ಪತ್ರೆಯ ಬೋರ್ಡ್ ನಂಬರಿಗೆ ಫೋನ್ ಮಾಡಿ ಲೆಟರ್ ಅವರದೇ ಅಂತ ಖಚಿತ ಮಾಡ್ಕೊಂಡಿದೀನಿ, ಮಗನ ಹತ್ರಾನೂ ಮಾತಾಡಿದೀನಿ. ಮನೆಯ ಹಣಕಾಸಿನ ಸ್ಥಿತಿ ನಾನು ಪರಿಶೀಲಿಸಿಲ್ಲ. ಕೊಡೋರು ದಯವಿಟ್ಟು ಆಸ್ಪತ್ರೆಗೇ ಕಟ್ಟಿ, ರಿಜಿಸ್ಟ್ರೇಷನ್ ನಂಬರ್ ನನಗೆ ಪರ್ಸನಲ್ಲಾಗಿ ಕೇಳಿ. ಯಾರು ಕೊಟ್ರು ಅಂತ ಗ್ರೂಪಲ್ಲಿ ಹಾಕೋದು ಬೇಡ. 20ನೇ ತಾರೀಕಿನ ನಂತರ ಈ ಮೆಸೇಜ್ ಎಲ್ಲೂ ಕಳಿಸ್ಬೇಡಿ."

ಪರಿಶೀಲಿಸಿಲ್ಲ ಅನ್ನೋ ಸಾಲು ಬರೆಯೋಕೆ ಕೈ ತಡೆಯತ್ತೆ, ಆದ್ರೂ ಬಿಡ್ಬೇಡಿ, ನಿಮ್ಮ ಮುಖ ನೋಡಿ ಕೊಡೋರಿಗೆ ನೀವು ಎಷ್ಟರ ಮಟ್ಟಿಗೆ ಜವಾಬ್ದಾರಿ ಅಂತ ಗೊತ್ತಿರ್ಬೇಕು. ಕೊನೇ ತಾರೀಕಂತೂ ಬೇಕೇ ಬೇಕು, ಯಾಕಂದ್ರೆ ಬೇರೆ ಗ್ರೂಪಿಗೆ ಹೋದ ಕಾಪಿ ನೀವು ಡಿಲೀಟ್ ಮಾಡಿದ್ರೆ ಹೋಗಲ್ಲ, ಆ ತಾರೀಕು ಮಾತ್ರ ಅದರ ಜೊತೇಲೇ ಹೋಗತ್ತೆ. ನಮಗೆ 15ಕ್ಕೇ ದುಡ್ಡು ಪೂರ್ತಿ ಆಯ್ತು, ಅವತ್ತೇ ಆ ಮೆಸೇಜಿಗೇ ರಿಪ್ಲೈ ಮಾಡಿ "ಸಾಕಾಯ್ತು, ಇನ್ನು ಕಟ್ಟಬೇಡಿ, ಬೇರೆ ಕಡೆ ಕಳ್ಸಿದ್ದೋರು ಅಲ್ಲೂ ಇದನ್ನ ಹಾಕಿ" ಅಂತ ಬರೆದೆ.

ನಿಮ್ಮ ಚಿಕ್ಕಮ್ಮನಿಗೆ ಇವತ್ತೇ ಫೋನ್ ಮಾಡಿ ಇದು ಯಾರಿಂದ ಬಂತು ಅಂತ ಕೇಳಿ. ಆಸ್ಪತ್ರೆ ಫೋನಿಗೆ ಬೆಳಗ್ಗೆ ಹತ್ತರ ಮೇಲೆ ಟ್ರೈ ಮಾಡಿ, ರಾತ್ರಿ ಹೊತ್ತು ಸೋಶಿಯಲ್ ವರ್ಕರ್ ಸಿಗಲ್ಲ.