ಬಹುತ್ವವಾದವೂ ಒಂದು ಹಠವೇ?

ಓದುಗರ ಪತ್ರ: "ಎಲ್ಲ ಧರ್ಮಗಳೂ ಒಂದೇ ಸತ್ಯದ ಕಡೆಗೆ ಹೋಗುವ ಬೇರೆ ಬೇರೆ ದಾರಿಗಳು ಅಂತ ನಂಬಿದವಳು ನಾನು. ನನ್ನ ಗೆಳತಿ ಮಾತ್ರ, 'ನೀನೂ ಉಳಿದವರನ್ನು ತಪ್ಪು ಅಂತಲೇ ಹೇಳ್ತಿದ್ದೀಯ, ನಿನ್ನದೂ ಹಠವೇ' ಅನ್ನುತ್ತಾಳೆ. ಹೌದಾ? ಹಾಗಾದರೆ ಎಕ್ಸ್‌ಕ್ಲೂಸಿವಿಸಂ, ಇನ್‌ಕ್ಲೂಸಿವಿಸಂ, ಬಹುತ್ವವಾದ ಅಂತ ಮೂರು ಹೆಸರು ಯಾಕೆ ಬೇಕು?"

ಉತ್ತರ: ನಿಮ್ಮ ಗೆಳತಿಯ ಮಾತು ಅರ್ಧ ಸರಿ. ಯಾವ ಅರ್ಧ ಅನ್ನೋದೇ ಇಲ್ಲಿ ಮುಖ್ಯ. ಬಹುತ್ವವಾದ ಅನ್ನುವುದು ನಿಮ್ಮ ನಿಲುವಿನದೇ ಹೆಸರು.

ಈ ಮೂರು ಹೆಸರುಗಳನ್ನು ಒಟ್ಟಿಗೆ ಬಳಕೆಗೆ ತಂದವರು ಕ್ರೈಸ್ತ ದೇವಶಾಸ್ತ್ರಜ್ಞ ಅಲನ್ ರೇಸ್, 1983ರಲ್ಲಿ. ಅಂದಿನಿಂದ ಎರಡು ಪ್ರಶ್ನೆಗಳು ಇವುಗಳ ಕೆಳಗೆ ಕಲೆಸಿಹೋಗಿವೆ. ಯಾವ ಧರ್ಮ ಹೇಳುವುದು ನಿಜ ಅನ್ನುವುದು ಒಂದು. ಯಾರಿಗೆ ಮುಕ್ತಿ ಸಿಗುತ್ತದೆ ಅನ್ನುವುದು ಇನ್ನೊಂದು. ಜಗಳ ಆಗುವಾಗ ಒಬ್ಬರು ಮೊದಲನೆಯದರ ಬಗ್ಗೆ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಎರಡನೆಯದರ ಬಗ್ಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಏಸು ಶಿಲುಬೆಯ ಮೇಲೆ ಸತ್ತ ಅನ್ನುವುದು ಕ್ರೈಸ್ತ ನಂಬಿಕೆಯ ನಡುಗಂಬ. ಕುರಾನಿನ ನಾಲ್ಕನೇ ಅಧ್ಯಾಯದ 157ನೇ ವಚನ, ಅವರು ಅವನನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ ಅನ್ನುತ್ತದೆ. ಹೆಚ್ಚಿನ ಮುಸ್ಲಿಂ ವ್ಯಾಖ್ಯಾನಕಾರರು ಅದನ್ನು ನೇರ ಅರ್ಥದಲ್ಲೇ ಓದುತ್ತಾರೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ, ಅಲ್ವಾ?

ಎಕ್ಸ್‌ಕ್ಲೂಸಿವಿಸ್ಟ್ ಇದನ್ನು ಇದ್ದ ಹಾಗೆ ಒಪ್ಪುತ್ತಾನೆ. ನನ್ನ ಧರ್ಮ ಹೇಳಿದ್ದು ನಿಜ, ಅದಕ್ಕೆ ವಿರುದ್ಧವಾಗಿರುವುದು ತಪ್ಪು, ಅಷ್ಟೇ. ಇವನ ಮೇಲಿನ ದೊಡ್ಡ ಆಕ್ಷೇಪ ಹುಟ್ಟಿನದು. ನೀನು ಬೇರೆ ಕಡೆ, ಬೇರೆ ಮನೆಯಲ್ಲಿ ಹುಟ್ಟಿದ್ದರೆ ಇಷ್ಟೇ ಗಟ್ಟಿಯಾಗಿ ಬೇರೆಯದನ್ನು ನಂಬುತ್ತಿದ್ದೆ. ಹೀಗಿರುವಾಗ ಈ ನಂಬಿಕೆಗೆ ಏನು ಬೆಲೆ? 1995ರ ಒಂದು ಪ್ರಬಂಧದಲ್ಲಿ ಅಮೆರಿಕದ ಕ್ರೈಸ್ತ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ ಇದನ್ನು ತಿರುಗಿಸಿ ಹಾಕಿದರು. ಬಹುತ್ವವಾದಿಯೂ ಬೇರೆ ಕಡೆ ಹುಟ್ಟಿದ್ದರೆ ಬಹುತ್ವವಾದಿ ಆಗುತ್ತಿರಲಿಲ್ಲವಲ್ಲ, ಹಾಗಂತ ಅವನು ತನ್ನ ವಾದ ಬಿಟ್ಟುಬಿಡಬೇಕಾ? ನನಗೆ ಇದು ಒಳ್ಳೆಯ ಉತ್ತರ ಅನ್ನಿಸುತ್ತದೆ, ಆದರೆ ಅರ್ಧ ದಾರಿಗೆ ನಿಲ್ಲುತ್ತದೆ. ಹುಟ್ಟಿನ ಆಕಸ್ಮಿಕದಿಂದಲೇ ನಂಬಿಕೆ ಸುಳ್ಳಾಗುವುದಿಲ್ಲ ಅಂತ ಅದು ತೋರಿಸುತ್ತದೆ. ಆದರೆ ನನ್ನಷ್ಟೇ ಬುದ್ಧಿ ಇರುವ, ನನ್ನಷ್ಟೇ ಪ್ರಾಮಾಣಿಕವಾಗಿ ಪ್ರಾರ್ಥಿಸುವ ಒಬ್ಬ ವ್ಯಕ್ತಿ ಉಲ್ಟಾ ತೀರ್ಮಾನಕ್ಕೆ ಬಂದಾಗ, ತಪ್ಪಿದ್ದು ಅವನೇ ಅಂತ ಹೇಳಲು ನನ್ನ ಹತ್ತಿರ ಏನಿದೆ? ಅದಕ್ಕೆ ಅಲ್ಲಿ ಉತ್ತರ ಇಲ್ಲ.

ಎಕ್ಸ್‌ಕ್ಲೂಸಿವಿಸ್ಟ್ ಮುಕ್ತಿಯ ಪ್ರಶ್ನೆಗೂ ಅದೇ ಉತ್ತರ ಕೊಟ್ಟರೆ ಇನ್ನೂ ಕಷ್ಟ. ಏಸುವಿಗಿಂತ ಸಾವಿರ ವರ್ಷ ಮೊದಲು ಹುಟ್ಟಿ ಸತ್ತವಳ ಗತಿ ಏನು? ಅವಳು ಆ ಹೆಸರು ಕೇಳಲು ದಾರಿಯೇ ಇರಲಿಲ್ಲ. ಕರುಣಾಳು ದೇವರು ಅವಳನ್ನು ಹೊರಗೆ ನಿಲ್ಲಿಸುತ್ತಾನಾ?

ಇನ್‌ಕ್ಲೂಸಿವಿಸಂ ಹಿಡಿದುಕೊಂಡದ್ದು ಈ ಹೆಣ್ಣಿನ ಪ್ರಶ್ನೆಯನ್ನೇ. ಸತ್ಯ ಒಂದೇ ಧರ್ಮದಲ್ಲಿ ಪೂರ್ತಿಯಾಗಿದೆ, ಆದರೆ ಅದರ ಫಲ ಹೊರಗಿನವರಿಗೂ ಸಿಗುತ್ತದೆ. ಜರ್ಮನ್ ಕ್ಯಾಥೊಲಿಕ್ ದೇವಶಾಸ್ತ್ರಜ್ಞ ಕಾರ್ಲ್ ರಾನರ್, ಹೀಗೆ ಕೃಪೆ ಪಡೆದವರನ್ನು 'ಹೆಸರಿಲ್ಲದ ಕ್ರೈಸ್ತರು' ಅಂತ ಕರೆದರು. ಮನಸ್ಸು ದೊಡ್ಡದೇ. ಆದರೆ ಹಾಗೆ ಕರೆಸಿಕೊಂಡವರಿಗೆ ಹೇಗನ್ನಿಸುತ್ತದೆ? ಜಪಾನಿನ ತತ್ವಜ್ಞಾನಿ ನಿಶಿತಾನಿ ರಾನರ್ ಅವರನ್ನೇ ಕೇಳಿದರು: ನಾನು ನಿಮ್ಮನ್ನು 'ಹೆಸರಿಲ್ಲದ ಝೆನ್ ಬೌದ್ಧ' ಅಂದರೆ ಏನು ಹೇಳುತ್ತೀರಿ? ರಾನರ್ ಬೇಜಾರಾಗಲಿಲ್ಲ. ನಿಮ್ಮ ದೃಷ್ಟಿಯಿಂದ ನೀವು ಹಾಗೆ ಹೇಳಬಹುದು, ಹೇಳಲೇಬೇಕು, ಅದು ನನಗೆ ಗೌರವ ಅಂದರು. ಈ ಉತ್ತರ ನನಗೆ ಬಹಳ ಇಷ್ಟ. ಆದರೆ ಇದು ಒಂದು ವಿಷಯವನ್ನು ಬಯಲು ಮಾಡುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ತಮ್ಮ ಮನೆಗೆ ಸೇರಿಸಿಕೊಂಡರೆ, ಯಾರ ಮನೆ ನಿಜವಾದ ಮನೆ ಅನ್ನುವ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಮುಕ್ತಿಯ ವಿಷಯದಲ್ಲಿ ಬಾಗಿಲು ತೆರೆಯಿತು, ಸತ್ಯದ ವಿಷಯದಲ್ಲಿ ಎಕ್ಸ್‌ಕ್ಲೂಸಿವಿಸಂ ಹಾಗೇ ಉಳಿಯಿತು.

ಈಗ ನಿಮ್ಮ ನಿಲುವಿಗೆ ಬರೋಣ. ಅದಕ್ಕೆ ಅತ್ಯಂತ ಗಟ್ಟಿ ರೂಪ ಕೊಟ್ಟವರು ಬ್ರಿಟಿಷ್ ತತ್ವಜ್ಞಾನಿ ಜಾನ್ ಹಿಕ್. ಇವರು ಶುರುವಿನಲ್ಲಿ ಕಟ್ಟಾ ಸಂಪ್ರದಾಯದ ಕ್ರೈಸ್ತರು. 1967ರಲ್ಲಿ ಕೆಲಸಕ್ಕೆಂದು ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ ಮಸೀದಿ, ಗುರುದ್ವಾರ, ದೇವಸ್ಥಾನ, ಸಿನಗಾಗ್‌ಗಳ ಒಳಗೆ ಹೋಗಿ ಕೂತರು. ಮಾತು, ಆಚರಣೆ ಬೇರೆ ಬೇರೆ. ಆದರೆ ಜನ ಮನಸ್ಸು ತೆರೆದು ತಮಗಿಂತ ದೊಡ್ಡದರ ಮುಂದೆ ನಿಂತಿರುವುದು ಎಲ್ಲ ಕಡೆ ಒಂದೇ ಅಂತ ಅವರಿಗೆ ಅನ್ನಿಸಿತು. 1989ರ ಹೊತ್ತಿಗೆ ಅದನ್ನು ಪೂರ್ತಿ ಸಿದ್ಧಾಂತವಾಗಿ ಬರೆದರು. ಜರ್ಮನ್ ತತ್ವಜ್ಞಾನಿ ಕಾಂಟ್‌ನಿಂದ ಒಂದು ಎಳೆ ತೆಗೆದುಕೊಂಡರು: ವಸ್ತು ತಾನಾಗಿ ಇರುವುದು ಒಂದು, ಅದು ನಮಗೆ ಕಾಣುವುದು ಇನ್ನೊಂದು. ಪರಮಸತ್ಯ ತಾನಾಗಿ ಹೇಗಿದೆಯೋ ಅದು ಯಾರ ಮಾತಿಗೂ ಸಿಗದು. ಯೆಹೋವ, ಅಲ್ಲಾಹ್, ಬ್ರಹ್ಮ, ಶೂನ್ಯತೆ ಎಲ್ಲವೂ ಅದು ಆಯಾ ಸಂಸ್ಕೃತಿಯ ಕಣ್ಣಿಗೆ ಕಂಡ ರೂಪಗಳು. ಯಾವ ಧರ್ಮ ಕೆಲಸ ಮಾಡುತ್ತಿದೆ ಅಂತ ಹೇಗೆ ತಿಳಿಯುವುದು? ಮನುಷ್ಯ 'ನಾನು' ಅನ್ನುವುದರಿಂದ ಆ ಸತ್ಯದ ಕಡೆಗೆ ತಿರುಗಿದನಾ, ಪ್ರೀತಿ ಕರುಣೆ ಜಾಸ್ತಿಯಾಯಿತಾ, ಅದೇ ಗುರುತು.

ಇಲ್ಲಿ ಎರಡು ಏಟು ಬೀಳುತ್ತವೆ. ಮೊದಲನೆಯದು ಒಳಗಿನಿಂದಲೇ. ಆ ಸತ್ಯಕ್ಕೆ ಒಳ್ಳೆಯದು, ಪ್ರೀತಿಯುಳ್ಳದ್ದು ಅನ್ನುವ ಯಾವ ಮಾತೂ ಅಂಟದು ಅನ್ನುವುದಾದರೆ, ಕರುಣೆ ಅದಕ್ಕೆ ಸರಿಯಾದ ಪ್ರತಿಕ್ರಿಯೆ, ಕ್ರೌರ್ಯ ಅಲ್ಲ ಅಂತ ಹೇಗೆ ಹೇಳುತ್ತೀರಿ? ದೊಡ್ಡ ಧರ್ಮಗಳೆಲ್ಲ ಕರುಣೆಯನ್ನೇ ಕಲಿಸುತ್ತವೆ ಅನ್ನುತ್ತಾರೆ ಹಿಕ್. ಆದರೆ ಅವು ಸರಿಯಾದ ಧರ್ಮಗಳು ಅಂತ ಗೊತ್ತಾಗುವುದೇ ಕರುಣೆಯ ಅಳತೆಗೋಲಿನಿಂದ. ವಾದ ತಿರುಗಿ ತಿರುಗಿ ಅಲ್ಲೇ ಬಂತು. ಈ ಗಂಟು ಬಿಚ್ಚಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಎರಡನೆಯದು ನಿಮ್ಮ ಗೆಳತಿಯದು. ಶಿಲುಬೆಯ ಉದಾಹರಣೆಗೆ ವಾಪಸ್ ಬನ್ನಿ. ಅದು ಇತಿಹಾಸದ ಪ್ರಶ್ನೆ, ಸಾಕ್ಷ್ಯದಿಂದ ತೀರ್ಮಾನ ಆಗಬಹುದಾದದ್ದು, ಮುಕ್ತಿಗೆ ಅದು ಬೇಕಾಗಿಲ್ಲ ಅಂತ ಹಿಕ್ ಹೇಳುತ್ತಾರೆ. ಕ್ರೈಸ್ತ ಭಕ್ತನಿಗೆ ಮುಕ್ತಿಯೇ ಅದರಲ್ಲಿದೆ. ದೇವರ ಮಾತಿನಲ್ಲಿ ಒಂದು ವಚನವೂ ತಪ್ಪಿರಲಾರದು ಅನ್ನುವ ಮುಸ್ಲಿಂ ಭಕ್ತನಿಗೂ ಅದು ಸಣ್ಣ ವಿಷಯವಲ್ಲ. ಅಂದರೆ ಹಿಕ್ ಇಬ್ಬರಿಗೂ, ನೀವು ಯಾವುದನ್ನು ಮುಖ್ಯ ಅಂದುಕೊಂಡಿದ್ದೀರೋ ಅದು ಮುಖ್ಯವಲ್ಲ ಅನ್ನುತ್ತಿದ್ದಾರೆ. ಎಕ್ಸ್‌ಕ್ಲೂಸಿವಿಸ್ಟ್ ಒಬ್ಬನನ್ನಾದರೂ ಸರಿ ಅಂದಿದ್ದ. 1996ರಲ್ಲಿ ಕ್ಯಾಥೊಲಿಕ್ ದೇವಶಾಸ್ತ್ರಜ್ಞ ಗ್ಯಾವಿನ್ ಡಿಕೋಸ್ಟ ವಾದಿಸಿದ್ದೂ ಇದನ್ನೇ: ಬಹುತ್ವವಾದವೂ ತನ್ನದೇ ಸತ್ಯದ ಅಳತೆ ಇಟ್ಟುಕೊಂಡ ಎಕ್ಸ್‌ಕ್ಲೂಸಿವಿಸಂ.

ಸತ್ಯದ ಪ್ರಶ್ನೆಯಲ್ಲಿ ಇದನ್ನು ನಾನು ಒಪ್ಪುತ್ತೇನೆ. ಏನನ್ನಾದರೂ ನಿಜ ಅಂದ ಕೂಡಲೇ ಅದರ ವಿರುದ್ಧದ್ದು ಸುಳ್ಳಾಗುತ್ತದೆ, ಅದರಿಂದ ಯಾರೂ ತಪ್ಪಿಸಿಕೊಳ್ಳಲಾರರು. ಆದರೆ ಮುಕ್ತಿಯ ಪ್ರಶ್ನೆಯಲ್ಲಿ ನಿಮ್ಮ ಗೆಳತಿ ಎಡವಿದ್ದಾರೆ. ಆ ಹಳೆಯ ಕಾಲದ ಹೆಣ್ಣನ್ನು ಒಬ್ಬ ಹೊರಗಿಡುತ್ತಾನೆ, ಒಬ್ಬ ಅವಳಿಗೆ ಗೊತ್ತಿಲ್ಲದ ಹೆಸರಿನಿಂದ ಒಳಗೆ ಕರೆಯುತ್ತಾನೆ, ಹಿಕ್ ಅವಳದೇ ದಾರಿಯಲ್ಲಿ ಅವಳನ್ನು ಒಳಗೆ ಕಾಣುತ್ತಾರೆ. ಇವು ಮೂರು ಬೇರೆ ಬೇರೆ ಉತ್ತರಗಳೇ. ಅದಕ್ಕೇ ಮೂರು ಹೆಸರು.

ನೀವು ಗೆಳತಿಗೆ ಉತ್ತರ ಕೊಡುವಾಗ 'ನಾನು ಯಾರನ್ನೂ ತಪ್ಪು ಅನ್ನುತ್ತಿಲ್ಲ' ಅನ್ನಬೇಡಿ. ಅನ್ನುತ್ತಿದ್ದೀರಿ. ಯಾರ ಯಾವ ಮಾತನ್ನು, ಯಾವ ಕಾರಣಕ್ಕೆ ಅಂತ ಒಂದೊಂದಾಗಿ ಹೇಳಿ, ಶಿಲುಬೆಯಿಂದಲೇ ಶುರು ಮಾಡಿ. ಆಮೇಲೆ ಅವರ ನಿಲುವು ಏನು ಅಂತ ಕೇಳಿ, ನಮಗೂ ಬರೆಯಿರಿ.

– ಸಂಪಾದಕ