ಬಿಲ್ಲಿನ ಫೋಟೋದಿಂದ ಬಂದ ಅಂಕಿ ತಪಾಸಣೆ: ಹೊಸಬರಿಗೆ ಒಂದು ವಾರ

ಪ್ರಶ್ನೆ: "ನಮ್ಮ ಬ್ಯಾಡಗಿ ಕಡೆ ರೈತ ಕಂಪನಿ ಆಫೀಸಿಗೆ ಹೊಸದಾಗಿ ಇಬ್ಬರು ಹುಡುಗೀರು ಬಂದಾರ. ಮೆಣಸಿನಕಾಯಿ ಪಟ್ಟಿ, ಗೊಬ್ಬರದ ಬಿಲ್ಲು ಎಲ್ಲಾ ಫೋಟೋ ಹೊಡೆದು ಸಾಫ್ಟ್‌ವೇರಿಗೆ ಹಾಕ್ತೀವಿ. ಅದು ಓದಿದ ಅಂಕಿ ಖರೇನೋ ಸುಳ್ಳೋ ನೋಡೋದನ್ನ ಒಂದ ವಾರದಾಗ ಹೆಂಗ ಕಲಸೋದು?"

ಅಕ್ಕಾರ, ಸೋಮವಾರ ಅವರಿಗೆ ಕಂಪ್ಯೂಟರ್ ಕೊಡಬ್ಯಾಡ್ರಿ. ಹಳೆಯ ಬಿಲ್ಲು, ಪಟ್ಟಿಗಳ ಕಟ್ಟು ಮುಂದಿಟ್ಟು, ಎಲ್ಲಿ ತೂಕ, ಎಲ್ಲಿ ದರ, ಎಲ್ಲಿ ಹಮಾಲಿ, ಎಲ್ಲಿ ಕೊನೆಯ ಮೊತ್ತ ಅಂತ ಬೆರಳಿಟ್ಟು ತೋರಿಸಲು ಹೇಳ್ರಿ. ಒಂದೊಂದು ಅಂಗಡಿಯ ಪಟ್ಟಿಯ ನಮೂನೆ ಬೇರೆ ಇರುತ್ತದೆ. ಯಾವ ಮನೆಯಲ್ಲಿ ಯಾವ ಅಂಕಿ ಬರಬೇಕು ಎಂಬುದೇ ಗೊತ್ತಿಲ್ಲದವರಿಗೆ ತಪ್ಪು ಅಂಕಿ ಕಣ್ಣಿಗೆ ಬೀಳುವುದಿಲ್ಲ.

ಮಂಗಳವಾರದಿಂದ ಒಂದು ಕಟ್ಟುನಿಟ್ಟು ಇಟ್ಟುಕೊಳ್ರಿ: ಸಾಫ್ಟ್‌ವೇರ್ ಓದಿದ ಅಂಕಿಯನ್ನು ಮೊದಲು ನೋಡಬಾರದು. ಪರದೆಯ ಆ ಭಾಗಕ್ಕೆ ಒಂದು ರಟ್ಟು ಅಡ್ಡ ಹಿಡಿದು, ಫೋಟೋ ಅಷ್ಟೇ ನೋಡಿ, ತೂಕ, ದರ, ಮೊತ್ತ ತಾವೇ ಬರೆದುಕೊಳ್ಳಬೇಕು. ಆಮೇಲೆ ರಟ್ಟು ತೆಗೆದು ಎರಡನ್ನೂ ಹೋಲಿಸಬೇಕು. ಪರದೆಯಲ್ಲಿ 18,400 ಅಂತ ಮೊದಲೇ ಕಂಡರೆ, ಫೋಟೋದಲ್ಲಿ 13,400 ಇದ್ದರೂ ಮಸುಕಾದ 3 ಕಣ್ಣಿಗೆ 8 ಆಗಿಯೇ ಕಾಣುತ್ತದೆ. ಇದು ಅಲಕ್ಷ್ಯದಿಂದ ಆಗುವುದಲ್ಲ, ಜಾಣರಿಗೂ ಆಗುತ್ತದೆ. ಮೊದಲ ದಿನ ಕೆಲಸ ನಿಧಾನ ಅನ್ನಿಸುತ್ತದೆ, ಅವಸರ ಮಾಡಿಸಬ್ಯಾಡ್ರಿ.

ಅದೇ ದಿನ ಮೂರು ಗುರುತು ಕಲಿಸ್ರಿ. ಒಂದು, ಮೊತ್ತದ ಹಿಂದಿನ ₹ ಚಿಹ್ನೆ. ಯಂತ್ರ ಇದನ್ನು 2 ಅಥವಾ 7 ಅಂತ ಓದಿಬಿಡುತ್ತದೆ, ₹450 ಇದ್ದದ್ದು 2450 ಆಗುತ್ತದೆ. ಎರಡು, ಕೊನೆಯಲ್ಲಿ ಎಳೆಯುವ /- ಗೆರೆ. ಇದರಿಂದ 450/- ಇದ್ದದ್ದು 4501 ಆಗುತ್ತದೆ. ಮೂರನೆಯದು ನಮ್ಮ ಪಟ್ಟಿಯ ತೂಕ, ದೊಡ್ಡ ಹಾನಿ ಇದರಿಂದಲೇ.

3-05 ಅಂತ ಬರೆದಿದ್ದರೆ ಅದು 3 ಕ್ವಿಂಟಲ್ 5 ಕಿಲೋ, ಅಂದರೆ 3.05. ಯಂತ್ರ ಸೊನ್ನೆ ನುಂಗಿ 3.5 ಮಾಡುತ್ತದೆ, ಇಲ್ಲವೇ ಗೆರೆ ಬಿಟ್ಟು 305 ಮಾಡುತ್ತದೆ. ಎಕ್ಸೆಲ್‌ನಲ್ಲಿ ಹಾಗೇ ಟೈಪ್ ಮಾಡಿದರೆ ಅದು ತಾರೀಖಾಗಿ ಬದಲಾಗುತ್ತದೆ. ಅದಕ್ಕೆ ಕ್ವಿಂಟಲ್ ಒಂದು ಕಾಲಂ, ಕಿಲೋ ಇನ್ನೊಂದು ಕಾಲಂ ಬೇರೆ ಮಾಡ್ರಿ. ದರ 18,400 ಇದ್ದರೆ ಖರೆ ಮೊತ್ತ 56,120. ತೂಕ 3.5 ಹಿಡಿದರೆ 64,400. ಒಂದು ಸೊನ್ನೆ ಹೋದದ್ದಕ್ಕೆ 8,280 ರೂಪಾಯಿ ಹೆಚ್ಚು ಪಾವತಿ.

ಬುಧವಾರ ಲೆಕ್ಕದ ತಾಳೆ. ಗದಗಿನ ಅಣ್ಣಾರು ಮೇಲೆ ಬರೆದಿದ್ದಾರೆ, ತೂಕ ಗುಣಿಸು ದರ ಮೊತ್ತಕ್ಕೆ ಕೂಡಿದರೆ ಸಾಕು, ಮತ್ತೇನೂ ನೋಡಬೇಕಿಲ್ಲ ಅಂತ. ಅವರ ಮಾತು ಅರ್ಧ ಸರಿ. ತಾಳೆ ಹಾಕಲೇಬೇಕು. ಕ್ವಿಂಟಲ್ B, ಕಿಲೋ C, ದರ D, ಮೊತ್ತ E ಕಾಲಂನಲ್ಲಿದ್ದರೆ ಸೂತ್ರ ಇಷ್ಟು:

```
=ROUND((B2+C2/100)*D2,2)-E2
```

ಸೊನ್ನೆ ಬಂದರೆ ಕೂಡಿತು. ಪಟ್ಟಿಯಲ್ಲಿ ಪೈಸೆ ಬಿಟ್ಟು ರೂಪಾಯಿಗೆ ಸರಿಮಾಡಿದ್ದರೆ ಪೈಸೆಯಷ್ಟು ವ್ಯತ್ಯಾಸ ಉಳಿಯುತ್ತದೆ, ಅದು ತಪ್ಪಲ್ಲ.

ಆದರೆ ಅಣ್ಣಾರ, ಮೊತ್ತವನ್ನು ಸಾಫ್ಟ್‌ವೇರ್ ಫೋಟೋದಿಂದ ಓದಿದೆಯೋ ಅಥವಾ ತಾನೇ ಗುಣಿಸಿ ಹಾಕಿದೆಯೋ ನೋಡಿದ್ದೀರಾ? ತಾನೇ ಗುಣಿಸಿದ್ದರೆ 3.5ಕ್ಕೆ 64,400 ಬಂದು ಕೂತಿರುತ್ತದೆ, ತಾಳೆ ಯಾವಾಗಲೂ ಕೂಡುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಒಂದು ಪ್ರಯೋಗದ ಬಿಲ್ಲಿನಲ್ಲಿ ತೂಕ ಬದಲಾಯಿಸಿ ನೋಡ್ರಿ. ಮೊತ್ತ ತನ್ನಷ್ಟಕ್ಕೆ ಬದಲಾದರೆ ಅದು ಓದಿದ ಅಂಕಿಯಲ್ಲ. ಹಾಗಿದ್ದರೆ E ಕಾಲಂ ಅನ್ನು ಹುಡುಗಿಯರೇ ಫೋಟೋ ನೋಡಿ ತುಂಬಬೇಕು. ಗೊಬ್ಬರದ ಬಿಲ್ಲಿನಲ್ಲಿ ಇನ್ನೊಂದು ಸಂಗತಿ ಇದೆ. 12 ಚೀಲ, 950 ದರ ಇದ್ದದ್ದು 950 ಚೀಲ, 12 ದರ ಅಂತ ಅದಲುಬದಲಾದರೂ ಮೊತ್ತ 11,400 ಆಗಿಯೇ ಬರುತ್ತದೆ. ದುಡ್ಡು ಕೂಡಿತು, ಗೋದಾಮಿನ ದಾಸ್ತಾನು ಕೆಟ್ಟಿತು.

ದಿನದ ಕೊನೆಯ ಒಟ್ಟು ಮೊತ್ತ ಕೂಡದಿದ್ದರೆ ವ್ಯತ್ಯಾಸವನ್ನೇ ಓದಲು ಕಲಿಸ್ರಿ. ಸರಿಯಾಗಿ 2,000 ಅಥವಾ 7,000 ವ್ಯತ್ಯಾಸ ಬಂದರೆ ಮೊದಲು ₹ ಇರುವ ಮೂರಂಕಿ ಮೊತ್ತಗಳನ್ನು ನೋಡಬೇಕು. ವ್ಯತ್ಯಾಸ 9ರಿಂದ ನಿಶ್ಶೇಷ ಭಾಗವಾದರೆ ಪಕ್ಕದ ಎರಡು ಅಂಕಿ ಹಿಂದುಮುಂದಾಗಿರಬಹುದು. 630 ಬಂತು ಅನ್ನಿ, 2,810 ಇದ್ದಲ್ಲಿ 2,180 ಬಿದ್ದಿದೆಯೇ ಹುಡುಕಬೇಕು. ಒಂದು ಸೊನ್ನೆ ಜಾರಿದಾಗಲೂ 9ರಿಂದ ಭಾಗವಾಗುತ್ತದೆ (450 ಇದ್ದದ್ದು 45 ಆದರೆ ವ್ಯತ್ಯಾಸ 405), ಹಾಗಾಗಿ ಇದು ಹುಡುಕುವ ದಾರಿ ಮಾತ್ರ, ತೀರ್ಮಾನ ಅಲ್ಲ.

ಗುರುವಾರ ಗುಣಾಕಾರಕ್ಕೆ ಸಿಗದ ಅಂಕಿಗಳು: ತಾರೀಖು, ಬಿಲ್ ನಂಬರ್, ಜಿಎಸ್‌ಟಿ ನಂಬರ್. 03-07-2025 ಅಂದರೆ ಜುಲೈ 3. ಸಾಫ್ಟ್‌ವೇರ್ ತಿಂಗಳು ಮೊದಲು ಹಿಡಿದರೆ ಮಾರ್ಚ್ 7 ಆಗಿ, ಬಿಲ್ಲು ಹಿಂದಿನ ಹಣಕಾಸು ವರ್ಷಕ್ಕೆ ಹೋಗುತ್ತದೆ. ದಿನ 12ಕ್ಕಿಂತ ಹೆಚ್ಚಿದ್ದಾಗ ಈ ತಪ್ಪು ಆಗುವುದಿಲ್ಲ, ಅದಕ್ಕೆ ತಿಂಗಳ ಮೊದಲ 12 ದಿನದ ಬಿಲ್ಲುಗಳನ್ನೇ ಅಭ್ಯಾಸಕ್ಕೆ ಕೊಡ್ರಿ. ಜಿಎಸ್‌ಟಿ ನಂಬರಿನಲ್ಲಿ ಅಕ್ಷರ, ಅಂಕಿ ಎಲ್ಲಾ ಸೇರಿ 15 ಇರಬೇಕು. ನಮ್ಮ ರಾಜ್ಯದ್ದು 29ರಿಂದ ಶುರು, ಮುಂದೆ 5 ಅಕ್ಷರ, 4 ಅಂಕಿ, 1 ಅಕ್ಷರ. ಅಕ್ಷರದ ಜಾಗದಲ್ಲಿ 0 ಕಂಡರೆ ಅದು O, ಅಂಕಿಯ ಜಾಗದಲ್ಲಿ S ಕಂಡರೆ ಅದು 5 ಇರುತ್ತದೆ.

ಹುಬ್ಬಳ್ಳಿಯ ತಮ್ಮ ಕೇಳಿದ್ದಾನೆ, ಸಾಫ್ಟ್‌ವೇರ್ ತನಗೆ ಅನುಮಾನ ಬಂದಲ್ಲಿ ಹಳದಿ ಗುರುತು ಹಾಕಿದ್ದಷ್ಟೇ ನೋಡಿದರೆ ಸಾಲದೇ ಅಂತ. ಸಾಲದಪ್ಪಾ. ₹ ಅನ್ನು 2 ಅಂತ ಓದಿದಾಗ ಯಂತ್ರಕ್ಕೆ ಅದು ಚೊಕ್ಕ 2 ಆಗಿಯೇ ಕಂಡಿರಬಹುದು, ಆಗ ಹಳದಿ ಬರುವುದಿಲ್ಲ.

ಶುಕ್ರವಾರ ಪರೀಕ್ಷೆ. ಆಗಲೇ ಸರಿ ಅಂತ ಖಾತ್ರಿಯಾದ 50 ಬಿಲ್ಲು ತಗೊಂಡು, ನೀವೇ 8 ಕಡೆ ಅಂಕಿ ಕೆಡಿಸಿ ಇಡ್ರಿ: ತೂಕದ ಸೊನ್ನೆ ಎರಡು, ₹ ಎರಡು, ಹಿಂದುಮುಂದಾದ ಅಂಕಿ ಒಂದು, ಅದಲುಬದಲಾದ ಕಾಲಂ ಒಂದು, ತಾರೀಖು ಒಂದು, ಬಿಲ್ ನಂಬರ್ ಒಂದು. ಎಷ್ಟು ಅಂತ ಹೇಳಬ್ಯಾಡ್ರಿ, ಹೇಳಿದರೆ ಎಂಟು ಸಿಕ್ಕ ಕೂಡಲೇ ಹುಡುಕುವುದು ನಿಲ್ಲುತ್ತದೆ. ದುಡ್ಡಿನ ತಪ್ಪು ಒಂದೂ ಉಳಿಯಬಾರದು. ಉಳಿದರೆ ಯಾವ ಜಾತಿಯ ತಪ್ಪು ಅಂತ ನೋಡಿ, ಅದರದ್ದೇ ಹೆಚ್ಚು ಇರುವ ಬೇರೆ ಕಟ್ಟು ಕೊಡ್ರಿ. ಸರಿ ಇದ್ದದ್ದನ್ನು ತಪ್ಪು ಅಂದದ್ದೂ ಎಣಿಸ್ರಿ.

ಶನಿವಾರ ಖರೆ ಬಿಲ್ಲುಗಳು. ಒಬ್ಬಳು ನೋಡಿದ್ದನ್ನು ಇನ್ನೊಬ್ಬಳು ಪೂರ್ತಿ ಮತ್ತೊಮ್ಮೆ ನೋಡಬೇಕು. ಅಂದೇ ಒಂದು ನಿಯಮ ಬರೆದು ಗೋಡೆಗೆ ಹಚ್ಚಿಬಿಡ್ರಿ: ಅಂಗಡಿಯವನೇ ಕೂಡಿಸುವಾಗ ತಪ್ಪಿದ್ದರೂ ಬಿಲ್ಲಿನಲ್ಲಿ ಇದ್ದದ್ದನ್ನೇ ನಮೂದಿಸಬೇಕು, ಪಕ್ಕದಲ್ಲಿ ಷರಾ ಬರೆಯಬೇಕು. ತಾವೇ ತಿದ್ದಿದರೆ ಮುಂದೆ ಕಾಗದಕ್ಕೂ ಖಾತೆಗೂ ತಾಳೆ ಆಗುವುದಿಲ್ಲ, ಅಂಗಡಿಯವನಿಂದ ವಾಪಸ್ ಕೇಳುವ ದಾರಿಯೂ ಹೋಗುತ್ತದೆ.

ಶಿಗ್ಗಾವಿಯ ಕಾಕಾರು ತಮ್ಮ ಪಟ್ಟಿಯಲ್ಲಿ ಹಮಾಲಿ ಹೆಚ್ಚು ಹಿಡಿದಿದ್ದಾರೆ ಅಂದಿದ್ದಾರೆ. ಕಾಕಾ, ಅದು ಕಾಗದದ ಮೇಲೆಯೇ ಹಾಗಿದ್ದರೆ ಓದಿದ ತಪ್ಪಲ್ಲ, ಅಂಗಡಿಯಲ್ಲಿ ಕೇಳಬೇಕಾದದ್ದು. ಪಟ್ಟಿಯ ಫೋಟೋ ಹಾಕ್ರಿ. ವಾಟ್ಸಪ್ಪಿನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸ್ರಿ, ಇಲ್ಲವಾದರೆ ಅಂಕಿ ಕಲೆಸಿಹೋಗುತ್ತವೆ.

ಕನ್ನಡ ಅಂಕಿಯಲ್ಲಿ ಕೈಯಿಂದ ಬರೆದ ಪಟ್ಟಿಗಳಿಗೆ ಮಾತ್ರ ನನ್ನ ಹತ್ತಿರ ಗಟ್ಟಿ ಉಪಾಯ ಇಲ್ಲ. ೬ ಮತ್ತು ೯ ಕೆಲವರ ಕೈಯಲ್ಲಿ ಒಂದೇ ಥರ ಇರುತ್ತವೆ, ಯಂತ್ರಕ್ಕೂ ತಿಳಿಯದು, ಹೊಸಬರಿಗೂ ತಿಳಿಯದು. ಸದ್ಯ ಅವನ್ನು ಯಂತ್ರಕ್ಕೆ ಹಾಕದೆ ಇಬ್ಬರೂ ಬೇರೆ ಬೇರೆ ಟೈಪ್ ಮಾಡಿ ಹೋಲಿಸಲಿ. ಇದಕ್ಕಿಂತ ಚಲೋ ದಾರಿ ಯಾರಿಗಾದರೂ ಗೊತ್ತಿದ್ದರೆ ಕೆಳಗೆ ಬರೀರಿ.